ಏಳು ದಿನದೊಳಗೆ ಬಿಲ್ ಕಟ್ಟಿದರೆ ನೂರಕ್ಕೆ ಎರಡು ರೂಪಾಯಿ ನಿಮಗೇ

ಕಪನೂರ, ಕಲಬುರಗಿ
ಡಿಸೆಂಬರ್ 20

ನಮ್ಮ ಖಾಯಂ ಗಿರಾಕಿಗಳಾದ ಕಿರಾಣಿ ಅಂಗಡಿಯವರಿಗೆ, ಖಾನಾವಳಿಯವರಿಗೆ,

ಶರಣು ಶರಣಾರ್ಥಿ.

ಜನವರಿ 1ರಿಂದ ನಮ್ಮ ಮಿಲ್‌ನಲ್ಲಿ ಒಂದು ಹೊಸ ರಿಯಾಯಿತಿ ಶುರು ಮಾಡುತ್ತಿದ್ದೇವೆ. ತೊಗರಿ ಬೇಳೆ ಬಿಲ್ಲಿನ ರೊಕ್ಕವನ್ನು ಏಳು ದಿನದೊಳಗೆ ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ಬಿಡುತ್ತೇವೆ. ಹದಿನೈದು ದಿನದೊಳಗೆ ಕೊಟ್ಟರೆ ನೂರಕ್ಕೆ ಒಂದು ರೂಪಾಯಿ. ಅದೂ ಆಗದಿದ್ದರೆ ಮೂವತ್ತು ದಿನದ ಉದ್ರಿ ಈಗಿನಂತೆಯೇ ಇರುತ್ತದೆ, ಅದನ್ನು ಯಾರಿಗೂ ಕಡಿಮೆ ಮಾಡುವುದಿಲ್ಲ.

ನೂರಕ್ಕೆ ಎರಡು ಅಂದರೆ ಕೇಳೋಕೆ ಚಿಕ್ಕದು. ರೂಪಾಯಿ ಲೆಕ್ಕದಲ್ಲಿ ನೋಡಿ. ಸುಲಭ ಆಗಲಿ ಅಂತ ಕೆ.ಜಿ.ಗೆ 120 ರೂಪಾಯಿ ಹಿಡಿದಿದ್ದೇನೆ. ಬಿಲ್ ಮಾತ್ರ ಆ ದಿನದ ದರದಂತೆಯೇ ಆಗುತ್ತದೆ. 50 ಕೆ.ಜಿ.ಯ ಹತ್ತು ಚೀಲ ತೊಗೊಂಡಿರಿ ಅನ್ನಿ. ಬಿಲ್ 60,000 ರೂಪಾಯಿ. ಜನವರಿ 5ಕ್ಕೆ ಬಿಲ್ ಆದರೆ ಅದರ ಕೆಳಗೆ ಹೀಗೆ ಅಚ್ಚಾಗಿರುತ್ತದೆ:

ಜನವರಿ 12ರೊಳಗೆ ಕೊಟ್ಟರೆ: 58,800 ರೂಪಾಯಿ
ಜನವರಿ 20ರೊಳಗೆ ಕೊಟ್ಟರೆ: 59,400 ರೂಪಾಯಿ
ಫೆಬ್ರವರಿ 4ರೊಳಗೆ ಕೊಟ್ಟರೆ: 60,000 ರೂಪಾಯಿ

ನೀವು ಲೆಕ್ಕ ಹಾಕುತ್ತಾ ಕೂರೋದು ಬೇಡ. ತಾರೀಖು ನೋಡಿ, ಅದರ ಮುಂದಿನ ರೊಕ್ಕ ಕಳಿಸಿದರೆ ಆ ಬಿಲ್ ಚುಕ್ತಾ.

ಮೊದಲ ಸಾಲಿನಂತೆ ಕೊಟ್ಟರೆ ನಿಮಗೆ 1,200 ರೂಪಾಯಿ ಉಳಿಯಿತು. ಚೀಲಕ್ಕೆ 120. ಕೆ.ಜಿ.ಗೆ 2 ರೂಪಾಯಿ 40 ಪೈಸೆ. ಬೇಳೆಯಲ್ಲಿ ಕೆ.ಜಿ.ಗೆ ನಿಮಗೆ ಎಷ್ಟು ಸಿಗುತ್ತದೆ ಅನ್ನೋದು ನಿಮಗೇ ಗೊತ್ತು. ಎದುರಿನ ಅಂಗಡಿಯವರು ಒಂದು ರೂಪಾಯಿ ಇಳಿಸಿದರೆ ಗಿರಾಕಿ ಆ ಕಡೆ ಹೋಗುವ ವ್ಯಾಪಾರ ಇದು. ಅಂಥದ್ದರಲ್ಲಿ ಗಿರಾಕಿಗೆ ಒಂದು ಪೈಸೆ ಏರಿಸದೆ ಕೆ.ಜಿ.ಗೆ 2 ರೂಪಾಯಿ 40 ಪೈಸೆ ಜಾಸ್ತಿ ಉಳಿಯುತ್ತದೆ. ತಿಂಗಳಿಗೆ ಹತ್ತು ಚೀಲ ಮಾರುವವರಿಗೆ ವರ್ಷಕ್ಕೆ 14,400 ರೂಪಾಯಿ ಆಯಿತು. ಎರಡು ಚೀಲ ಬೇಳೆ ಪುಕ್ಕಟೆ ಬಂದಂತೆ, ಮೇಲೆ ಇನ್ನೂ 2,400 ಕೈಯಲ್ಲಿ.

ಖಾನಾವಳಿಯವರು ಇಷ್ಟು ಮಾಲು ತೊಗೊಳ್ಳುವುದಿಲ್ಲ, ನಿಜ. 30 ಕೆ.ಜಿ.ಯ ಎರಡು ಚೀಲ ಅಂದರೆ 7,200 ರೂಪಾಯಿ ಬಿಲ್, ಅದರಲ್ಲಿ 144 ರೂಪಾಯಿ ಬಿಡುತ್ತೇವೆ. ಒಂದು ಕೆ.ಜಿ. ಬೇಳೆಯ ರೊಕ್ಕ ಬಂದು ಇನ್ನೂ ಸ್ವಲ್ಪ ಮಿಗುತ್ತದೆ. ನಿಮ್ಮದು ದಿನಾ ಕೈಗೆ ರೊಕ್ಕ ಬರುವ ವ್ಯಾಪಾರ, ಹಾಗಾಗಿ ಏಳು ದಿನ ನಿಮಗೆ ಕಷ್ಟ ಆಗಲಿಕ್ಕಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ಆ 58,800 ನನ್ನ ಹತ್ತಿರವೇ ಇನ್ನೂ 23 ದಿನ ಇದ್ದರೆ ನನಗೂ ಲಾಭ ಅಲ್ವಾ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆ ರೊಕ್ಕ ಗಲ್ಲಾದಲ್ಲೋ ಬ್ಯಾಂಕಿನ ಚಾಲ್ತಿ ಖಾತೆಯಲ್ಲೋ ಸುಮ್ನೆ ಇದ್ದರೆ ಏನೂ ಹುಟ್ಟುವುದಿಲ್ಲ. ನಮಗೆ ಕೊಟ್ಟರೆ 1,200 ಹುಟ್ಟುತ್ತದೆ. 23 ದಿನಕ್ಕೆ ಇಷ್ಟು ಕೊಡುವ ಠೇವಣಿ ಯಾವ ಬ್ಯಾಂಕಿನಲ್ಲೂ ಇಲ್ಲ.

ಕೈಯಲ್ಲಿ ರೊಕ್ಕ ಇಲ್ಲದಿದ್ದರೆ? ನಿಮಗೆ ಬ್ಯಾಂಕಿನ ಓಡಿ ಇದೆ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಅಂದುಕೊಳ್ಳಿ. ಅದರಿಂದ 58,800 ತೆಗೆದು ನಮ್ಮ ಬಿಲ್ ಕಟ್ಟಿದರೆ 23 ದಿನಕ್ಕೆ ಬಡ್ಡಿ ಸುಮಾರು 445 ರೂಪಾಯಿ. ಉಳಿದದ್ದು 1,200. ಬಡ್ಡಿ ಕಟ್ಟಿದ ಮೇಲೂ 755 ನಿಮ್ಮದೇ. ಕೈಗಡ ತಂದರೆ ಲೆಕ್ಕ ಬೇರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಸುಮಾರು 902 ಹೋಗುತ್ತದೆ, 298 ಮಾತ್ರ ಉಳಿಯುತ್ತದೆ. ಅದಕ್ಕಾಗಿ ಓಡಾಡೋದು ಬೇಕಾ ಅನ್ನೋದನ್ನು ನೀವೇ ನೋಡಿ. ನೂರಕ್ಕೆ ಮೂರರ ಬಡ್ಡಿಗಂತೂ ದಯವಿಟ್ಟು ತರಬೇಡಿ. ಬಡ್ಡಿಯೇ 1,352 ಆಗುತ್ತದೆ, ಈ ರಿಯಾಯಿತಿಯಿಂದ ನಿಮಗೆ ನಷ್ಟ. ಅಂಥ ಪರಿಸ್ಥಿತಿ ಇದ್ದವರು ಮೂವತ್ತು ದಿನದ ಉದ್ರಿಯನ್ನೇ ಪೂರ್ತಿ ಬಳಸಿಕೊಳ್ಳಿ. ನಾವು ಒಂದು ಮಾತೂ ಆಡುವುದಿಲ್ಲ.

ನಾವೇಕೆ ಇಷ್ಟು ಬಿಡುತ್ತೇವೆ ಅನ್ನೋದೂ ನಿಮಗೆ ಗೊತ್ತಿರಲಿ. ನಮ್ಮ ಭಾಗದಲ್ಲಿ ತೊಗರಿ ರಾಶಿ ಆಗೋದು ಡಿಸೆಂಬರ್ ಕೊನೆ, ಜನವರಿಯಲ್ಲಿ. ನೆಹರು ಗಂಜಿಗೆ ಆವಕ ಒಮ್ಮೆಲೇ ಏರುತ್ತದೆ. ಆಗ ಅಡತಿ ಅಂಗಡಿಗಳಲ್ಲಿ ಒಳ್ಳೆ ಕಾಳು, ಒಣಗಿದ ಕಾಳು, ಹುಳ ಬೀಳದ ಕಾಳು ಆರಿಸಿ ಕೊಳ್ಳಬೇಕು ಅಂದರೆ ಕೈಯಲ್ಲಿ ರೊಕ್ಕ ಇರಬೇಕು. ರೈತರು ಬಿತ್ತನೆಯಿಂದ ಕಾದಿರುತ್ತಾರೆ, ಅವರಿಗೆ ಅದೇ ದಿನ ರೊಕ್ಕ ಸೇರಬೇಕು. ಅವರಿಗೆ ನಾವು ಉದ್ರಿ ಹೇಳೋಕೆ ಆಗೋದಿಲ್ಲ, ಹೇಳಲೂಬಾರದು. ಹಾಗಾಗಿ ವರ್ಷಪೂರ್ತಿಯ ತೊಗರಿಯನ್ನು ಮೂರು ತಿಂಗಳಲ್ಲಿ ಬ್ಯಾಂಕಿನ ಸಾಲದಿಂದ ಕೊಂಡು ಗೋದಾಮಿನಲ್ಲಿ ಹಾಕುತ್ತೇವೆ. ಆಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ.

ಬಡ್ಡಿ ಒಂದೇ ಆದರೆ ಎರಡು ರೂಪಾಯಿ ಬಿಡುವಷ್ಟು ಆಗುತ್ತಿರಲಿಲ್ಲ. ಮೂವತ್ತು ದಿನ ಅಂದದ್ದು ಎಷ್ಟೋ ಸಲ ಐವತ್ತು, ಅರವತ್ತು ಆಗುತ್ತದೆ. ವಸೂಲಿಗೆ ನಮ್ಮ ಹುಡುಗ ಇವತ್ತು ಜೇವರ್ಗಿ, ನಾಳೆ ಶಹಾಪುರ, ನಾಡಿದ್ದು ಹುಮನಾಬಾದ ಅಂತ ಗಾಡಿ ಓಡಿಸುತ್ತಾನೆ. ಹೋದರೆ ನೀವು ಅಂಗಡಿಯಲ್ಲಿರುವುದಿಲ್ಲ, ಇದ್ದರೆ ಆ ದಿನ ವ್ಯಾಪಾರ ಆಗಿರುವುದಿಲ್ಲ. ಅವನಿಗೂ ಬೇಸರ, ನಿಮಗೂ ಮುಜುಗರ. ಪೆಟ್ರೋಲಿಗೆ, ಬಡ್ಡಿಗೆ ಹೋಗುವ ಆ ರೊಕ್ಕ ನಿಮಗೇ ಸೇರಲಿ ಅಂತ ನನ್ನ ಆಸೆ. 2019ರಲ್ಲಿ ಜಿಐ ಗುರುತು ಸಿಕ್ಕ ಕಲಬುರಗಿ ತೊಗರಿ ಇದು. ಸರಿಯಾದ ಹೊತ್ತಿಗೆ ಒಳ್ಳೆ ಕಾಳು ಕೊಳ್ಳಲು ಆದರೆ ನಿಮ್ಮ ಅಂಗಡಿಗೂ ಒಳ್ಳೆ ಬೇಳೆಯೇ ಬರುತ್ತದೆ.

"ಮೊದಲು ರೇಟು ಏರಿಸಿ ಆಮೇಲೆ ಬಿಡ್ತೀರಿ" ಅನ್ನುವ ಅನುಮಾನ ಯಾರಿಗೂ ಬರಬಾರದು. ಬೇಗ ಕೊಡುವವರಿಗೂ ಮೂವತ್ತು ದಿನಕ್ಕೆ ಕೊಡುವವರಿಗೂ ಬಿಲ್ ದರ ಒಂದೇ. ಮಾಲು ಹೇಳುವ ಮೊದಲು ಇನ್ನೆರಡು ಮಿಲ್‌ಗಳಲ್ಲಿ ದರ ಕೇಳಿ ನೋಡಿ. ನನಗೇನೂ ಬೇಜಾರಿಲ್ಲ.

ದಿನ ಎಣಿಸೋದು ಬಿಲ್ಲಿನ ಮರುದಿನದಿಂದ. ನಮ್ಮ ಗಾಡಿ ತಡವಾದರೆ ಮಾಲು ನಿಮ್ಮ ಅಂಗಡಿಯಲ್ಲಿ ಇಳಿದ ಮರುದಿನದಿಂದ ಎಣಿಸಿ, ಬಿಲ್ಲಿನ ಮೇಲೆ ತಾರೀಖು ತಿದ್ದಿಸಿಕೊಳ್ಳಿ. ಕೊನೆಯ ದಿನ ಭಾನುವಾರವೋ ಬ್ಯಾಂಕ್ ರಜೆಯೋ ಆದರೆ ಮರುದಿನವೂ ನಡೆಯುತ್ತದೆ. ಚೆಕ್ ಆದರೆ ನಮ್ಮ ಕೈಗೆ ಬಂದ ದಿನವನ್ನೇ ಹಿಡಿಯುತ್ತೇವೆ. ಅದು ವಾಪಸ್ ಆದರೆ ಮಾತ್ರ ಪೂರ್ತಿ ಬಿಲ್ ಕೊಡಬೇಕಾಗುತ್ತದೆ.

ಪೂರ್ತಿ ಬಿಲ್ಲಿಗೆ ರೊಕ್ಕ ಹೊಂದದಿದ್ದರೆ ಅರ್ಧ ಕೊಡಿ. 60,000ದ ಬಿಲ್ಲಿಗೆ ಏಳು ದಿನದೊಳಗೆ 29,400 ಕಳಿಸಿದರೆ 30,000 ಜಮಾ ಮಾಡುತ್ತೇವೆ. ಉಳಿದ 30,000 ಮೂವತ್ತನೇ ದಿನಕ್ಕೆ ಬಂದರೂ ಸಾಕು. 600 ರೂಪಾಯಿ ನಿಮಗೆ ಉಳಿದೇ ಉಳಿಯಿತು.

ಆದಷ್ಟು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕಳಿಸಿ. ಒಂದೇ ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ನಿಮ್ಮ ಖರ್ಚು ಅಂತ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ 1,200 ಉಳಿಸಿ ಅಲ್ಲಿ ಕಳೆದುಕೊಳ್ಳೋದು ಬೇಡ.

30 ಮತ್ತು 50 ಕೆ.ಜಿ. ಚೀಲಕ್ಕೆ ಜಿಎಸ್‌ಟಿ ಇಲ್ಲ, ಲೆಕ್ಕ ನೇರ. ಒಂದು ಕೆ.ಜಿ. ಪ್ಯಾಕೆಟ್‌ಗೆ ನೂರಕ್ಕೆ 5 ಜಿಎಸ್‌ಟಿ ಇದೆ, ಅಲ್ಲಿ ರಿಯಾಯಿತಿ ಮಾಲಿನ ಬೆಲೆಯ ಮೇಲೆ ಮಾತ್ರ. 20,000ದ ಪ್ಯಾಕೆಟ್ ಮಾಲಿಗೆ ತೆರಿಗೆ 1,000 ಸೇರಿ ಬಿಲ್ 21,000. ಏಳು ದಿನದೊಳಗೆ 20,600 ಕೊಡಿ. ತೆರಿಗೆ ಬಿಲ್ಲಿನಲ್ಲಿ ಇದ್ದಷ್ಟೇ ಇರುತ್ತದೆ, ಬಿಟ್ಟ 400ಕ್ಕೆ ಬೇರೆ ಚೀಟಿ ಕೊಡುತ್ತೇವೆ. ಅದನ್ನು ನಿಮ್ಮ ಲೆಕ್ಕ ಬರೆಯುವವರಿಗೆ ಕೊಟ್ಟರೆ ಆಯಿತು.

ಇದರ ಲಾಭ ಪೂರ್ತಿ ಸಿಗಬೇಕಾದರೆ ಮಾಲು ತರಿಸುವ ದಿನವನ್ನು ಸ್ವಲ್ಪ ಬದಲಿಸಿ ನೋಡಿ. ನಿಮ್ಮ ಗಿರಾಕಿಗಳಲ್ಲಿ ಪಗಾರದವರು ಜಾಸ್ತಿ ಇದ್ದರೆ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಊರುಗಳಲ್ಲಿ ಇರುವ ಹಾಗೆ, ತಿಂಗಳ ಮೊದಲ ವಾರವೇ ದೊಡ್ಡ ವ್ಯಾಪಾರ. ಮಾಲನ್ನು 28ನೇ ತಾರೀಖಿಗೆ ತರಿಸಿದರೆ ಏಳು ದಿನ ಮುಗಿಯುವ ಹೊತ್ತಿಗೆ ಪಗಾರದ ರೊಕ್ಕ ನಿಮ್ಮ ಗಲ್ಲಾಕ್ಕೆ ಬಂದಿರುತ್ತದೆ, ಅದರಿಂದಲೇ ನಮ್ಮ ಬಿಲ್ ಕಟ್ಟಬಹುದು. 15ನೇ ತಾರೀಖಿಗೆ ತರಿಸಿದರೆ ಈ ಅನುಕೂಲ ಇಲ್ಲ. ಇನ್ನೊಂದು ದಾರಿ, ಹತ್ತು ಚೀಲ ಒಮ್ಮೆಲೇ ಬೇಡ, ಹದಿನೈದು ದಿನಕ್ಕೊಮ್ಮೆ ಐದು ಚೀಲ ತೊಗೊಳ್ಳಿ. ಬಿಲ್ 30,000ಕ್ಕೆ ಇಳಿಯುತ್ತದೆ, ಕಟ್ಟೋದು ಹಗುರ, ಬೇಳೆಯೂ ಹಳತಾಗುವುದಿಲ್ಲ. ಐದು ಚೀಲ ಇದ್ದರೂ ನಮ್ಮ ಗಾಡಿ ಬರುತ್ತದೆ, ಬಾಡಿಗೆ ಈಗಿನಷ್ಟೇ.

ಹಳೆ ಬಾಕಿ ಇರುವವರು ಹಿಂಜರಿಯಬೇಡಿ. ಹೊಸ ಬಿಲ್ಲಿಗೆ ಈ ರಿಯಾಯಿತಿ ನಿಮಗೂ ಸಿಗುತ್ತದೆ. ಹಳೆಯದನ್ನು ಹೇಗೆ ತೀರಿಸೋದು ಅಂತ ಒಮ್ಮೆ ನನ್ನ ಜೊತೆ ಕೂತು ಮಾತಾಡಿ, ಕಂತು ಹಾಕಿಕೊಳ್ಳೋಣ. ಹೊಸ ಬಿಲ್ಲಿಗೆ ಅಂತ ಕಳಿಸಿದ ರೊಕ್ಕವನ್ನು ನಿಮ್ಮನ್ನು ಕೇಳದೆ ಹಳೆ ಬಾಕಿಗೆ ಮುರಿದುಕೊಳ್ಳುವುದಿಲ್ಲ. ರೊಕ್ಕ ಕಳಿಸುವಾಗ ಬಿಲ್ ನಂಬರ್ ಒಂದು ಬರೆಯಿರಿ, ಅಷ್ಟು ಸಾಕು.

ಇದು ಜನವರಿ 1ರಿಂದ ಡಿಸೆಂಬರ್ 31ರ ತನಕ ಆಗುವ ಎಲ್ಲಾ ತೊಗರಿ ಬೇಳೆ ಬಿಲ್‌ಗಳಿಗೆ. ನೀವು ಅರ್ಜಿ ಹಾಕಬೇಕಿಲ್ಲ, ಹೆಸರು ಬರೆಸಬೇಕಿಲ್ಲ. ಲೆಕ್ಕದಲ್ಲಿ ಏನಾದರೂ ಗೊಂದಲ ಇದ್ದರೆ ಬಿಲ್ಲಿನ ಮೇಲಿರುವ ನಂಬರಿಗೆ ಬೆಳಿಗ್ಗೆ ಹತ್ತರ ನಂತರ ಫೋನ್ ಮಾಡಿ, ನಮ್ಮ ಮುನೀಮರು ನಿಮ್ಮ ಖಾತೆ ತೆಗೆದು ಹೇಳುತ್ತಾರೆ. ಗಂಜಿಗೆ ಬಂದಾಗ ಮಿಲ್ ಕಡೆ ಬಂದರೆ ಇನ್ನೂ ಒಳ್ಳೆಯದು. ಈ ವರ್ಷದ ಹೊಸ ಬೇಳೆ ಕೈಯಲ್ಲಿ ಹಿಡಿದು ನೋಡಿಕೊಂಡು ಹೋಗಬಹುದು.

ನಿಮ್ಮವ,
ಶರಣಬಸಪ್ಪ
ಬೇಳೆ ಮಿಲ್ ಮಾಲೀಕ, ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ಬಿ.ಸೂ.: ಡಿಸೆಂಬರ್ ಕೊನೆ ವಾರದಲ್ಲಿ ಮಾಲು ಹೇಳಬೇಕು ಅಂದುಕೊಂಡವರು ಅವಸರ ಇಲ್ಲದಿದ್ದರೆ ಜನವರಿ 1ಕ್ಕೆ ಬಿಲ್ ಮಾಡಿಸಿಕೊಳ್ಳಿ. ನಾಲ್ಕು ದಿನ ತಡೆದರೆ ರಿಯಾಯಿತಿ ಸಿಗುತ್ತದೆ.