ಐದನೇ ತರಗತಿ ‘ಬಿ’ ಪೋಷಕರಿಗೆ, ಸ್ಕೂಲ್ ಡೇ ಮರುದಿನ

ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಈ ಗ್ರೂಪಿನಲ್ಲಿ ನಾನು ಹಾಕಿದ್ದ “ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು” ಮೆಸೇಜನ್ನು ಅಳಿಸಿದ್ದೀನಿ. ನಿಜ ಹೇಳಬೇಕಂದ್ರೆ ಅದು ಹೋದ ವರ್ಷದ್ದೇ, ತಾರೀಕು ಮಾತ್ರ ಬದಲಿಸಿದ್ದೆ. ಬೆಳಿಗ್ಗೆ ಕಾಫಿ ಕುಡೀತಾ ಓದಿದಾಗ ನನಗೇ ನಾಚಿಕೆಯಾಯ್ತು. ಅದಕ್ಕೆ ಇನ್ನೊಂದು ಸಲ ಬರೀತಾ ಇದ್ದೀನಿ. ಹೆಸರು ಹಾಕಲ್ಲ, ಒಬ್ಬರದ್ದು ಬಿಟ್ಟುಹೋದರೂ ವರ್ಷಪೂರ್ತಿ ಕೇಳಬೇಕಾಗುತ್ತೆ (ಅನುಭವ ಇದೆ). ಓದಿದರೆ ಯಾರು ಅಂತ ನಿಮಗೇ ಗೊತ್ತಾಗುತ್ತೆ.

ಮೊದಲು, ರೇಷ್ಮೆ ಹುಳ ಗೂಡು ಕಟ್ಟೋ ಚಂದ್ರಿಕೆ ಕೊಟ್ಟ ಅಣ್ಣನವರಿಗೆ. ಸ್ಟೇಜಿನ ಹಿಂದೆ ಫ್ಲೆಕ್ಸ್ ಹಾಕಿಸೋಕೆ ದುಡ್ಡಿಲ್ಲ ಅಂತ ಮೀಟಿಂಗಿನಲ್ಲಿ ಹೇಳಿದಾಗ, ನೀವು “ನಮ್ಮನೇಲಿ ಬಿದಿರಿನ ಚಂದ್ರಿಕೆ ಇದಾವೆ ಮಿಸ್, ನಿಲ್ಲಿಸಿ ನೋಡಿ” ಅಂದ್ರಿ. ನಾಲ್ಕು ನಿಲ್ಲಿಸಿ ಹಿಂದಿನಿಂದ ಹಳದಿ ಬಲ್ಬು ಬಿಟ್ಟಾಗ ಆ ಸುತ್ತುಸುತ್ತಿನ ನೆರಳು ಪರದೆ ಮೇಲೆ ಬಿದ್ದಿದ್ದು ನೋಡಿ, ಬೇರೆ ಕ್ಲಾಸಿನ ಟೀಚರುಗಳೆಲ್ಲ ಎಲ್ಲಿ ಬಾಡಿಗೆಗೆ ತಂದ್ರಿ ಅಂತ ಕೇಳಿದ್ರು. ಶಿಡ್ಲಘಟ್ಟದವರಿಗೂ ಗುರುತು ಸಿಗಲಿಲ್ಲ ನೋಡಿ! ನಿಮ್ಮ ಹುಳ ಎರಡು ದಿನದಲ್ಲಿ ಹಣ್ಣಾಗುತ್ತೆ ಅಂತ ಗೊತ್ತಿದ್ದೂ ಕೊಟ್ಟಿದ್ದಿರಿ. ನಮ್ಮ ಮಕ್ಕಳು ಅದಕ್ಕೆ ಮಿಂಚಿನ ಪುಡಿ ಬೇರೆ ಉದುರಿಸಿದ್ದರು. ರಾತ್ರಿ ಹನ್ನೊಂದೂವರೆಗೆ ನೀವೂ ಅಕ್ಕನವರೂ ಅದನ್ನೆಲ್ಲ ತೊಳೆದು ಮತ್ತೆ ಮದ್ದು ಹೊಡೀತಾ ಇದ್ದಿರಂತೆ, ಮಗಳು ಹೇಳಿದಳು. ಧನ್ಯವಾದದ ಜೊತೆ ಕ್ಷಮೆನೂ ಇರಲಿ. ಬೆಳೆ ಚೆನ್ನಾಗಿ ಬರಲಿ, ಗೂಡಿಗೆ ಒಳ್ಳೆ ರೇಟು ಸಿಗಲಿ.

ವಿಶ್ವೇಶ್ವರಯ್ಯನವರ ನಾಟಕದ ಬಗ್ಗೆ ಎರಡು ಮಾತು. ಒಂದು, ಫೋನ್ ಮಾಡಿದ ತಾತನವರಿಗೆ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದಾಗ ಅವರು ದಿವಾನರು ಅಂತ ನಾನು ಬರೆದುಬಿಟ್ಟಿದ್ದೆ. “ಅಮ್ಮಾ, ಕೆಲಸ ಶುರುವಾಗಿದ್ದು 1911ರಲ್ಲಿ, ಆಗಿನ್ನೂ ಚೀಫ್ ಎಂಜಿನಿಯರು. ದಿವಾನ್‌ಗಿರಿ ಬಂದಿದ್ದು 1912ರಲ್ಲಿ” ಅಂತ ತಿದ್ದಿದಿರಿ. ಮುದ್ದೇನಹಳ್ಳಿ ಇರೋ ಜಿಲ್ಲೆಯಲ್ಲಿ, ಅಷ್ಟು ಜನರ ಮುಂದೆ ತಪ್ಪು ಹೇಳಿಸೋದರಿಂದ ನನ್ನನ್ನು ಉಳಿಸಿದಿರಿ. ನಿಮ್ಮ ಹಳೇ ಜರಿ ಪಂಚೆ ಕತ್ತರಿಸದೇನೇ ಮೊಮ್ಮಗನಿಗೆ ಮೈಸೂರು ಪೇಟ ಸುತ್ತಿದ್ದಿರಲ್ಲ, ನಾಟಕ ಮುಗಿಯೋವರೆಗೂ ಒಂದು ಸುತ್ತೂ ಸಡಿಲವಾಗಲಿಲ್ಲ.

ಎರಡನೇದು, ಮೊದಲನೇ ಸಾಲಿನಲ್ಲಿ ಕೂತಿದ್ದ ಅಮ್ಮನಿಗೆ. ನಿಮ್ಮ ಮಗ “1912ರಲ್ಲಿ...” ಅಂದು ನಿಂತುಬಿಟ್ಟ. ಪರದೆ ಪಕ್ಕದಿಂದ ನಾನು ನಿಮ್ಮನ್ನೇ ನೋಡ್ತಾ ಇದ್ದೆ. ಆ ಸಾಲು ನಿಮಗೆ ಬಾಯಿಪಾಠ, ದಿನಾ ರಾತ್ರಿ ಹೇಳಿಸಿದವರೇ ನೀವು. ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ಸುಮ್ಮನೆ ಕೂತಿದ್ದಿರಿ, ಹೇಳಿಕೊಡಲಿಲ್ಲ. ಅವನೇ ನೆನಪಿಸಿಕೊಂಡು ಹೇಳಿದ. ನನ್ನ ಕೈಲಿ ಆಗ್ತಿರಲಿಲ್ಲ, ನಾನು ಆಗಲೇ ಬಾಯಿ ತೆರೆದಿದ್ದೆ.

ಡ್ರೆಸ್ಸಿಗೆ ತಲಾ 450 ರೂಪಾಯಿ ಬಾಡಿಗೆ ಅಂತ ನಾನು ಹೇಳಿದಾಗ “ಮನೇಲಿರೋ ಬಿಳಿ ಪಂಚೆ, ಅಂಗಿ ಸಾಕಲ್ವಾ ಮಿಸ್” ಅಂತ ಎದ್ದು ನಿಂತು ಕೇಳಿದವರೇ, ಆವತ್ತು ನನಗೆ ಸ್ವಲ್ಪ ಬೇಜಾರಾಗಿತ್ತು. ಮೀಟಿಂಗ್ ಮುಗಿದ ಮೇಲೆ ಆರು ಜನ ಬಂದು ನೀವು ಕೇಳಿದ್ದು ಒಳ್ಳೇದಾಯ್ತು ಅಂದ್ರು. ನೀವು ಹೇಳಿದ್ದೇ ಸರಿ.

ಮೂರು ಡಜನ್ ಪಿನ್ನು ಸೆರಗಿಗೇ ಸಿಕ್ಕಿಸಿಕೊಂಡು ಬಂದು, ಯಾರ ಮಕ್ಕಳು ಅಂತ ನೋಡದೆ ಎಲ್ಲರ ಸೀರೆ ನೆರಿಗೆ ಹಿಡಿದ ಅಕ್ಕ, ಭಾಷಣಗಳು ಮುಗಿಯೋದೇ ಇಲ್ಲ ಅಂತ ಗೊತ್ತಾದಾಗ ಹಸಿದ ಮಕ್ಕಳಿಗೆ ಚಿತ್ರಾನ್ನದ ಪಾತ್ರೆ ತಂದ ಅಜ್ಜಿ, ಕೊನೇ ಬಸ್ ತಪ್ಪಿದ ಏಳು ಮಕ್ಕಳನ್ನು ಎರಡು ಟ್ರಿಪ್‌ನಲ್ಲಿ ಊರಿಗೆ ಬಿಟ್ಟು ಡೀಸೆಲ್ ಕಾಸೂ ತಗೊಳ್ಳದ ಆಟೋ ಅಣ್ಣ, ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಬರೋಕಾಗದೇ ಇದ್ದವರಿಗೂ ಒಂದು ಮಾತು. ರೀಲಿಂಗ್ ಯೂನಿಟ್‌ನಲ್ಲಿ ರಜೆ ಸಿಗಲಿಲ್ಲ ಅಂತ ಸಂಜೆ ಏಳಕ್ಕೆ ವಾಯ್ಸ್ ಮೆಸೇಜ್ ಕಳಿಸಿದ ಅಮ್ಮ, ಕೋಲಾಟದಲ್ಲಿ ಎಡಗಡೆಯಿಂದ ಮೂರನೆಯವಳು ನಿಮ್ಮ ಮಗಳು. ಒಂದು ಕೋಲು ಕೈಜಾರಿ ಬಿತ್ತು. ಅವಳು ತಾಳ ಬಿಡದೆ ಬರಿಗೈಯಲ್ಲೇ ಚಪ್ಪಾಳೆ ಹಾಕಿ ಮುಗಿಸಿದಳು. ವಿಡಿಯೋ ನಿಮಗೆ ಬೇರೆಯಾಗಿ ಕಳಿಸಿದ್ದೀನಿ.

ಹಸಿರು ಮುಚ್ಚಳದ ಸ್ಟೀಲ್ ಡಬ್ಬಿ, ಒಂದೇ ಒಂದು ಗೆಜ್ಜೆ, ಒಂದು ಎಡಗಾಲಿನ ಚಪ್ಪಲಿ ನನ್ನ ಟೇಬಲ್ ಕೆಳಗಿವೆ. ಬಲಗಾಲಿನದ್ದು ಯಾರ ಮನೆಗೆ ಹೋಯ್ತೋ! ಸೋಮವಾರ ಹೋಂವರ್ಕ್ ಕೇಳಲ್ಲ, ಮಂಗಳವಾರ ಕೇಳ್ತೀನಿ.

ನಿಮ್ಮ ಮಕ್ಕಳ ಕ್ಲಾಸ್ ಮಿಸ್