ಸರ್ವೆ ಬಗ್ಗೆ ನಾಲ್ಕನೇ ಮೆಸೇಜು, ಈ ಸಲ ಕೆಂಪು ಅಕ್ಷರ ಇಲ್ಲ

ಎಲ್ಲರಿಗೂ ನಮಸ್ಕಾರ,

ಎರಡು ವಾರದಲ್ಲಿ ಮೂರು ಸಲ "ಸರ್ವೆ ತುಂಬುವುದು ಕಡ್ಡಾಯ" ಅಂತ ಹಾಕಿದೆವು. ಅದು ತಪ್ಪು. ಕಡ್ಡಾಯ ಏನಿಲ್ಲ, ತುಂಬದಿದ್ದರೆ ಯಾರೂ ಕೇಳುವುದಿಲ್ಲ.

ಆದರೆ ಒಂದು ಲೆಕ್ಕ ನೋಡಿ. ನಾವು 214 ಜನ. ಉತ್ತರ ಬಂದಿರುವುದು 47. ಅದರಲ್ಲಿ 33 ಆಫೀಸಿನವರದು, ಸೆಕೆಂಡ್ ಶಿಫ್ಟಿನಿಂದ ಮೂರೇ ಮೂರು. ಬಸ್ ಟೈಮಿಂಗ್ ಸರಿ ಇದೆಯಾ ಅನ್ನುವ ಪ್ರಶ್ನೆಗೆ ಹೆಚ್ಚಿನವರು "ಸರಿ ಇದೆ" ಅಂದಿದ್ದಾರೆ. ಅಲ್ವಾ ಮತ್ತೆ, ಸಂಜೆ ಐದೂವರೆಗೆ ಮನೆಗೆ ಹೋಗುವವರಿಗೆ ಸರಿಯಾಗೇ ಇರುತ್ತದೆ! ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿಸಿ, ಪಂಚ್ ಮಾಡುವ ಕ್ಯೂ ದಾಟಿ ಹೊರಗೆ ಬರುವಷ್ಟರಲ್ಲಿ ಬಸ್ ಹೋಗಿಬಿಟ್ಟು, ಜಾಲಹಳ್ಳಿ ಕ್ರಾಸ್‌ವರೆಗೆ ಆಟೋಗೆ ದುಡ್ಡು ಕೊಡುವವರು ಆ 47ರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಬಸ್ ಕಾಂಟ್ರಾಕ್ಟ್ ಏಪ್ರಿಲ್‌ನಲ್ಲಿ ಹೊಸದಾಗಿ ಮಾಡಬೇಕು. ಈಗಿರುವ ಉತ್ತರ ಇಟ್ಟುಕೊಂಡು ಮ್ಯಾನೇಜ್‌ಮೆಂಟ್ ಹತ್ತಿರ ಹೋದರೆ ಹಳೇ ಟೈಮಿಂಗೇ ಮುಂದುವರಿಯುತ್ತದೆ.

"ಹೋದ ವರ್ಷ ತುಂಬಿದ್ವಿ, ಏನಾಯ್ತು?" ಅಂತ ಕ್ಯಾಂಟೀನಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಮಾತು. ಊಟದ ಬಿಡುವು 30 ನಿಮಿಷದಿಂದ 40 ಆಗಿದ್ದು ಆ ಸರ್ವೆಯಿಂದಲೇ, ಆದರೆ ನಾವು ಅದನ್ನು ಯಾರಿಗೂ ಹೇಳಲಿಲ್ಲ. ಉಳಿದ ವಿಷಯ ಫೈಲಿನಲ್ಲೇ ಉಳಿಯಿತು. ಈ ಸಲ ಏಪ್ರಿಲ್ 6ರ ಸೋಮವಾರ ಫಲಿತಾಂಶವನ್ನು ಗೇಟಿನ ಹತ್ತಿರದ ನೋಟಿಸ್ ಬೋರ್ಡಿಗೆ ಹಾಕುತ್ತೇವೆ, ಯಾವುದು ಆಗುತ್ತದೆ, ಯಾವುದು ಆಗಲ್ಲ, ಯಾಕೆ ಆಗಲ್ಲ ಅನ್ನುವುದೂ ಸೇರಿ.

ಹೆಸರು ಗೊತ್ತಾಗುತ್ತದೆ ಅನ್ನುವ ಭಯ ಹಲವರಿಗಿದೆ. ಹೆಸರು, ಟೋಕನ್ ನಂಬರ್, ಫೋನ್ ನಂಬರ್ ಯಾವುದನ್ನೂ ಕೇಳಿಲ್ಲ. ವಿಭಾಗ ಮತ್ತು ಶಿಫ್ಟ್ ಮಾತ್ರ. ಹತ್ತಕ್ಕಿಂತ ಕಡಿಮೆ ಜನ ಉತ್ತರಿಸಿದ ಗುಂಪಿನ ಉತ್ತರವನ್ನು ಬೇರೆಯಾಗಿ ತೋರಿಸುವುದೂ ಇಲ್ಲ, ಯಾರು ಬರೆದದ್ದು ಅಂತ ಊಹಿಸಬಾರದು ಅಂತ. ಅಂದರೆ ಸೆಕೆಂಡ್ ಶಿಫ್ಟಿನಿಂದ ಇನ್ನೂ ಏಳು ಜನ ಬರೆದರೆ ಮಾತ್ರ ಆ ಶಿಫ್ಟಿನ ಮಾತು ಬೋರ್ಡಿನಲ್ಲಿ ಕಾಣುತ್ತದೆ.

ಹನ್ನೆರಡು ಪ್ರಶ್ನೆ, ಎಲ್ಲ ಕನ್ನಡದಲ್ಲೇ. ಲಿಂಕ್ ಈ ಗ್ರೂಪಿನಲ್ಲಿ ಪಿನ್ ಮಾಡಿದ್ದೇವೆ. ಫೋನ್ ಬೇಡ ಅನ್ನುವವರಿಗೆ ಕ್ಯಾಂಟೀನಿನಲ್ಲಿ ಕಾಗದದ ಫಾರಂ ಮತ್ತು ಬೀಗ ಹಾಕಿದ ಡಬ್ಬಿ ಇದೆ. ಎಲ್ಲ ಪ್ರಶ್ನೆಗೂ ಉತ್ತರಿಸಲೇಬೇಕು ಅಂತಿಲ್ಲ, ಬಸ್ಸಿನದೊಂದೇ ಬರೆದರೂ ಸಾಕು. ಮಾರ್ಚ್ 21ರ ಶನಿವಾರ ರಾತ್ರಿ 10ರವರೆಗೆ ಟೈಮ್ ಇದೆ.

ಸೂಪರ್‌ವೈಸರ್‌ಗಳಿಗೆ ಒಂದು ಮಾತು: ಶಿಫ್ಟಿನ ಮಧ್ಯೆ ಹತ್ತು ನಿಮಿಷ ಬಿಡುವು ಕೊಡಿ, ಅದನ್ನು ಕೆಲಸದ ಸಮಯ ಅಂತಲೇ ಹಿಡಿಯುತ್ತೇವೆ. "ತುಂಬಿದ್ಯಾ?" ಅಂತ ಒಬ್ಬೊಬ್ಬರನ್ನೇ ಕೇಳಬೇಡಿ, ಬರೆಯುವಾಗ ಪಕ್ಕದಲ್ಲಿ ನಿಲ್ಲಬೇಡಿ.

ಇದಾದ ಮೇಲೆ ಇನ್ನೊಂದು ರಿಮೈಂಡರ್ ಬರುವುದಿಲ್ಲ.

ಎಚ್‌ಆರ್ ವಿಭಾಗ, ಪೀಣ್ಯ ಘಟಕ