ಕಾಲೇಜು ಆವರಣದಲ್ಲಿ ಕಿರುಚಿತ್ರ ಚಿತ್ರೀಕರಣಕ್ಕೆ ಅನುಮತಿ ಕೋರಿ ಪತ್ರ

ದಿನಾಂಕ: 10-11-2025

ಇಂದ,
ಸಹನಾ ಕೆ.
ದ್ವಿತೀಯ ಬಿ.ಎ., ಪತ್ರಿಕೋದ್ಯಮ ವಿಭಾಗ

ಗೆ,
ಪ್ರಾಂಶುಪಾಲರು
(ವಿಭಾಗದ ಮುಖ್ಯಸ್ಥರ ಮೂಲಕ)

ಮಾನ್ಯರೇ,

ವಿಷಯ: ನವೆಂಬರ್ 22 ಮತ್ತು 23ರಂದು ಚಿತ್ರೀಕರಣಕ್ಕೆ ಅನುಮತಿ ಕೋರಿ.

ಮೂರನೇ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗಾಗಿ ನಮ್ಮ ಒಂಬತ್ತು ಜನರ ತಂಡ 12 ನಿಮಿಷದ ಕಿರುಚಿತ್ರವೊಂದನ್ನು ಮಾಡುತ್ತಿದೆ. ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ಕಳೆದುಕೊಂಡ ಹುಡುಗನೊಬ್ಬ ಖಾಲಿ ಕಾಲೇಜಿನಲ್ಲಿ ಅದನ್ನು ಹುಡುಕುವ ಕಥೆ ಇದು. ಹೊಡೆದಾಟ, ಧೂಮಪಾನ, ಅಧ್ಯಾಪಕರನ್ನು ಗೇಲಿ ಮಾಡುವ ಸನ್ನಿವೇಶ ಯಾವುದೂ ಇಲ್ಲ. ಪೂರ್ತಿ ಸ್ಕ್ರಿಪ್ಟ್ ಲಗತ್ತಿಸಿದ್ದೇನೆ.

ಶನಿವಾರ ತರಗತಿ ಮುಗಿದ ಮೇಲೆ ಮಧ್ಯಾಹ್ನ 2ರಿಂದ 6ರವರೆಗೆ, ಭಾನುವಾರ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಅವಕಾಶ ಬೇಕಿದೆ. ಕೊಠಡಿ 14, ಅದರ ಮುಂದಿನ ಕಾರಿಡಾರ್ ಮತ್ತು ಹಿಂಬದಿಯ ಮೆಟ್ಟಿಲು ಇಷ್ಟೇ ಸಾಕು. ಕೊಠಡಿಯ ಕಿಟಕಿಗಳು ಪೂರ್ವಕ್ಕಿದ್ದು, ಕಥೆಗೆ ಬೇಕಾದ ಎಳೆಬಿಸಿಲು ಒಳಗೆ ಬೀಳುವುದು ಮುಂಜಾನೆ ಮಾತ್ರ. ಹಾಗಾಗಿ ಭಾನುವಾರ 7ಕ್ಕೇ ಬೀಗ ತೆರೆಸಿಕೊಡಬೇಕೆಂದು ವಿಶೇಷವಾಗಿ ಕೋರುತ್ತೇನೆ. ಅರ್ಧ ಗಂಟೆ ತಡವಾದರೂ ಆ ಬೆಳಕು ಕೈತಪ್ಪುತ್ತದೆ.

ಒಂದು ಕ್ಯಾಮೆರಾ, ಟ್ರೈಪಾಡ್, ಮೈಕ್, ತಲಾ 100 ವ್ಯಾಟ್‌ನ ಎರಡು ಎಲ್‌ಇಡಿ ಲೈಟ್ ತರುತ್ತೇವೆ. ಚಾರ್ಜರ್ ಸೇರಿ ಒಟ್ಟು ಹೊರೆ 300 ವ್ಯಾಟ್ ದಾಟುವುದಿಲ್ಲವಾದ್ದರಿಂದ ಕೊಠಡಿಯ 5 ಆಂಪಿಯರ್ ಪ್ಲಗ್ ಸಾಕು. ಜನರೇಟರ್, ಡ್ರೋನ್ ಬಳಸುವುದಿಲ್ಲ. ಕಾರಿಡಾರ್‌ನಲ್ಲಿ ಹಾಯುವ ವೈರ್‌ಗಳನ್ನು ಯಾರೂ ಎಡವದಂತೆ ನೆಲಕ್ಕೆ ಟೇಪ್ ಹಾಕಿ ಕೂರಿಸುತ್ತೇವೆ. ಗೋಡೆಗೆ ಮಾತ್ರ ಟೇಪ್, ಮೊಳೆ ಎರಡೂ ಇಲ್ಲ, ಏಕೆಂದರೆ ಟೇಪ್ ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ. ಸ್ವಯಂಚಾಲಿತ ಬೆಲ್ ಸಂಭಾಷಣೆಯ ನಡುವೆ ಬಡಿದರೆ ಇಡೀ ಟೇಕ್ ವ್ಯರ್ಥ. ಆ ಅವಧಿಯಲ್ಲಿ ಅದನ್ನು ಬಂದ್ ಮಾಡಿಸಿಕೊಡಬೇಕು.

ಬೆಂಚುಗಳನ್ನು ಸರಿಸುವ ಮೊದಲು ಫೋಟೊ ತೆಗೆದಿಟ್ಟುಕೊಂಡು, ಭಾನುವಾರ 4ಕ್ಕೆ ಶೂಟಿಂಗ್ ನಿಲ್ಲಿಸಿ, ಉಳಿದ ಒಂದು ಗಂಟೆಯಲ್ಲಿ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಗುಡಿಸುತ್ತೇವೆ. ಸೋಮವಾರ ಅಲ್ಲಿ ಆಂತರಿಕ ಪರೀಕ್ಷೆ ಇರುವುದು ಗೊತ್ತಿದೆ. ಏನಾದರೂ ಹಾಳಾದರೆ ದುರಸ್ತಿ ವೆಚ್ಚ ತಂಡದ್ದು. ಮಳೆ ಬಂದರೆ ಮೆಟ್ಟಿಲಿನ ದೃಶ್ಯವನ್ನು ಕಾರಿಡಾರ್‌ಗೆ ಬದಲಿಸಿಕೊಳ್ಳುತ್ತೇವೆ, ಹೆಚ್ಚುವರಿ ದಿನ ಕೇಳುವುದಿಲ್ಲ.

ಪ್ರಾಜೆಕ್ಟ್ ಮಾರ್ಗದರ್ಶಕರು ಎರಡೂ ದಿನ ಜೊತೆಗಿರಲು ಒಪ್ಪಿದ್ದಾರೆ. ತಂಡದವರ ಹೆಸರು, ಗುರುತಿನ ಚೀಟಿ ಸಂಖ್ಯೆಗಳ ಪಟ್ಟಿ ಹಾಗೂ ಪೋಷಕರ ಒಪ್ಪಿಗೆ ಪತ್ರಗಳು ಇದರೊಂದಿಗಿವೆ. ಪಟ್ಟಿಯ ಒಂದು ಪ್ರತಿಯನ್ನು ಕಾವಲುಗಾರರಿಗೂ ಕೊಡುತ್ತೇವೆ. ಕಾಲೇಜಿನ ಹೆಸರು, ಲಾಂಛನ ಚಿತ್ರದಲ್ಲಿ ಕಾಣುವುದಿಲ್ಲ. ಎಡಿಟಿಂಗ್ ಮುಗಿದ ಚಿತ್ರವನ್ನು ತಾವು ನೋಡಿ ಒಪ್ಪಿದ ನಂತರವೇ ಹೊರಗೆ ಪ್ರದರ್ಶಿಸುತ್ತೇವೆ.

ಕ್ಯಾಮೆರಾ ಬಾಡಿಗೆಗೆ ಮುಂಗಡ ಕೊಡಬೇಕಿರುವುದರಿಂದ 14ರ ಶುಕ್ರವಾರದೊಳಗೆ ಲಿಖಿತ ಅನುಮತಿ ನೀಡಬೇಕಾಗಿ ವಿನಂತಿ. ಸಮಯದಲ್ಲಾಗಲೀ ಜಾಗದಲ್ಲಾಗಲೀ ಬದಲಾವಣೆ ಬೇಕೆನಿಸಿದರೆ ತಿಳಿಸಿ, ಅದರಂತೆ ಯೋಜನೆ ತಿದ್ದಿಕೊಳ್ಳುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿನಿ,
ಸಹನಾ ಕೆ.